ರಾತ್ರಿ ಊಟ ಬಿಟ್ಟವರ ಮಾತ್ರೆ ಚೀಟಿ

ಕಲಬುರಗಿಯಲ್ಲಿ ಆಹಾರ ತಜ್ಞೆಯಾಗಿರುವ ನನ್ನ ಬಳಿಗೆ ಸಕ್ಕರೆ ಕಾಯಿಲೆಯವರು ತರುವ ಪ್ರಶ್ನೆಗಳಲ್ಲಿ ಹಲವು ಮೊಬೈಲ್ ವಿಡಿಯೊಗಳಲ್ಲಿ ಹುಟ್ಟಿದವು. ಅಂಥ ಮೂರು ನಂಬಿಕೆಗಳನ್ನು ಒಟ್ಟಿಗೆ ಪಾಲಿಸುತ್ತಿದ್ದ, ಕಿರಾಣಿ ಅಂಗಡಿ ನಡೆಸುವ 53 ವರ್ಷದ ಒಬ್ಬರು ಒಂದು ದಿನ ಹೆಂಡತಿಯೊಂದಿಗೆ ಬಂದರು. ಹೊತ್ತು ಮುಳುಗಿದ ಮೇಲೆ ಏನೂ ತಿನ್ನುತ್ತಿರಲಿಲ್ಲ, ರಾತ್ರಿಯ ಊಟವನ್ನು ಪೂರ್ತಿ ಬಿಟ್ಟಿದ್ದರು, ಮಲಗುವ ಮುನ್ನ ‘ಡಿಟಾಕ್ಸ್ ಚಹಾ’ ಕುಡಿಯುತ್ತಿದ್ದರು.

“ಎರಡು ವಾರದಾಗ ಎರಡೂವರೆ ಕೆಜಿ ಇಳದೀನ್ರಿ ಮೇಡಂ” ಎಂದು ಅವರು ಹೇಳುತ್ತಿದ್ದಂತೆಯೇ ಹೆಂಡತಿ, “ಮೊನ್ನೆ ರಾತ್ರಿ ಮೂರಕ್ಕ ಬನಿಯನ್ ತೊಯ್ಯೂಹಂಗ ಬೆವತಿದ್ರಿ, ಕೈ ನಡಗ್ತಿದ್ವು, ಅದನ್ನೂ ಹೇಳ್ರಿ” ಎಂದರು. ಆಗ ಮನೆಯ ಗ್ಲೂಕೋಮೀಟರ್ 54 ತೋರಿಸಿತ್ತು. ಆಕೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದ್ದು ಸರಿಯಾದ ಕೆಲಸ. ಆದರೆ 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, 70ಕ್ಕಿಂತ ಕೆಳಗೇ ಇದ್ದರೆ ಅಷ್ಟೇ ಸಕ್ಕರೆಯನ್ನು ಇನ್ನೊಮ್ಮೆ ಕೊಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ.

ನಾನು ಮೊದಲು ಕೇಳಿದ್ದು ಮಾತ್ರೆಯ ಚೀಟಿಯನ್ನು. ಊಟ ನಿಂತಿದ್ದರೂ ಸಂಜೆಯ ಗ್ಲಿಮೆಪಿರೈಡ್ ನಿಂತಿರಲಿಲ್ಲ. ಈ ಮಾತ್ರೆ ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಆದ್ದರಿಂದ “ರಾತ್ರಿ ಊಟ ಬಿಟ್ಟರೆ ಸಕ್ಕರೆ ಇಳಿಯುತ್ತದೆಯೇ?” ಎಂಬ ಅವರ ಪ್ರಶ್ನೆಗೆ, ಇಳಿಯುತ್ತದೆ, ಆದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯುವುದಿಲ್ಲ ಎಂದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಬಹಳ ಕಡಿಮೆ. ನೆರೆಯವರಿಗೆ ಒಗ್ಗಿದ್ದು ಇವರಿಗೆ ಒಗ್ಗದಿರಲು ಇದೂ ಒಂದು ಕಾರಣ.

“ಹೊತ್ತು ಮುಳುಗಿದ ಮ್ಯಾಲೆ ಉಂಡದ್ದು ಕರಗೂದಿಲ್ಲಂತಲ್ರಿ?” ಎಂಬುದು ಎರಡನೆಯ ಪ್ರಶ್ನೆ. ಕರಗುತ್ತದೆ. ಬೆಳಿಗ್ಗೆಗೆ ಹೋಲಿಸಿದರೆ ರಾತ್ರಿ ಅದೇ ಊಟಕ್ಕೆ ಸಕ್ಕರೆ ತುಸು ಹೆಚ್ಚು ಏರುತ್ತದೆ ಎಂಬುದು ನಿಜವಾದ್ದರಿಂದ, ಅಂಗಡಿ ಮುಚ್ಚಿ ಹತ್ತೂವರೆಗೆ ಹೊಟ್ಟೆ ಬಿರಿಯೆ ಉಂಡು ಮಲಗುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಆ ವ್ಯತ್ಯಾಸ ಸೂರ್ಯ ಮುಳುಗಿದ ಗಳಿಗೆಗೆ ಸರಕ್ಕನೆ ಬರುವಂಥದ್ದಲ್ಲ. ನಮ್ಮೂರಿನಲ್ಲಿ ಡಿಸೆಂಬರ್ ಮೊದಲಲ್ಲಿ 6 ಗಂಟೆಗೆ ಮುಂಚೆಯೇ ಕತ್ತಲಾಗತೊಡಗಿದರೆ, ಜೂನ್‌ನಲ್ಲಿ 7ರ ಹತ್ತಿರದವರೆಗೂ ಬೆಳಕಿರುತ್ತದೆ. ಕರುಳು ಈ ಪಂಚಾಂಗ ನೋಡುವುದಿಲ್ಲ. ಜೈನ ಕುಟುಂಬಗಳ ವ್ರತದ ಮಾತೇ ಬೇರೆ. ಅವರು ಹೊತ್ತು ಮುಳುಗುವ ಮುನ್ನ ಊಟ ಮುಗಿಸುತ್ತಾರೆ, ಊಟವನ್ನೇ ಬಿಡುವುದಿಲ್ಲ.

ಚಹಾದ ಪೊಟ್ಟಣವನ್ನು ತರಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ನಡುವೆ ಸೋನಾಮುಖಿ ಎಲೆಯ ಹೆಸರಿತ್ತು. ಅದು ಭೇದಿಯ ಔಷಧಿ. ಅದರಿಂದ ಹೊರಹೋಗುವುದು ಮಲ ಮತ್ತು ನೀರು, ಕೊಬ್ಬಲ್ಲ. ಬಹುಕಾಲ ಕುಡಿದರೆ ಪೊಟ್ಯಾಸಿಯಂ ಇಳಿದು ಕೈಕಾಲು ಸೋಲಬಹುದು. ಮಾತಿಗೆ ನಂಬದ ಅವರಿಗೆ ಚಹಾ ನಿಲ್ಲಿಸಿ ದಿನವೂ ಬೆಳಿಗ್ಗೆ ತೂಕ ನೋಡಲು ಹೇಳಿದೆ. ನಾಲ್ಕೇ ದಿನಗಳಲ್ಲಿ ಒಂದೂವರೆ ಕೆಜಿ ಮರಳಿತು. ಒಂದು ಕೆಜಿ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು. ಒಂದು ಜೋಳದ ರೊಟ್ಟಿಗೆ 140 ಎಂದು ಹಿಡಿದರೆ, ಆ ನಾಲ್ಕು ದಿನಗಳಲ್ಲಿ ಅವರು ದಿನದ ಊಟದ ಮೇಲೆ 80ಕ್ಕೂ ಹೆಚ್ಚು ರೊಟ್ಟಿ ತಿಂದಿರಬೇಕಾಗಿತ್ತು. ಅಂಗಡಿಯವರಾದ ಕಾರಣ ಲೆಕ್ಕ ಕೂಡಲೇ ಹತ್ತಿತು. ವಿಷ ಹೊರಹಾಕುವ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ ಎಂಬ ನನ್ನ ಪಾಠಕ್ಕಿಂತ ಈ ರೊಟ್ಟಿಯ ಲೆಕ್ಕವೇ ನಾಟಿತು.

ಮಾತ್ರೆ ಬದಲಿಸುವುದು ನನ್ನ ಕೆಲಸವಲ್ಲ. ಅದೇ ದಿನ ಅವರ ವೈದ್ಯರಿಗೆ ಚೀಟಿ ಬರೆದೆ, ಅವರು ಸಂಜೆಯ ಗ್ಲಿಮೆಪಿರೈಡ್ ನಿಲ್ಲಿಸಿದರು. ಊಟವನ್ನು ನಾವು ಅಂಗಡಿಗೇ ತಂದೆವು: ಏಳೂವರೆಗೆ ಮಗ ಡಬ್ಬಿ ತರುವುದು, ಅದರಲ್ಲಿ ಮೊದಲಿನ ಮೂರು ರೊಟ್ಟಿಯ ಬದಲು ಒಂದೂವರೆ, ಒಂದು ಬಟ್ಟಲು ಗಟ್ಟಿ ತೊಗರಿ ಬೇಳೆ, ಮೆಂತ್ಯದ ಪಲ್ಯ, ಸೌತೆಕಾಯಿ, ಮೊಸರು. ಮೊದಲ ವಾರ ಇದು ಕೆಟ್ಟಿತು. ಡಬ್ಬಿ ಉಂಡವರು ಮನೆಗೆ ಹೋಗಿ ಎಲ್ಲರ ಜೊತೆ ಮತ್ತೊಮ್ಮೆ ಕುಳಿತುಬಿಡುತ್ತಿದ್ದರು. ಬೆಳಗಿನ ಸಕ್ಕರೆ 190 ಬಂದಾಗ ಅದು ಬಯಲಾಯಿತು. ಮನೆಯಲ್ಲಿ ಅವರಿಗೆ ಮಜ್ಜಿಗೆ ಮಾತ್ರ ಎಂದು ಹೆಂಡತಿ ನಿಶ್ಚಯಿಸಿದ ಮೇಲೆ ಸರಿಹೋಯಿತು. ರಾತ್ರಿ 3ಕ್ಕೆ ಎರಡು ಬಾರಿ ಎಬ್ಬಿಸಿ ನೋಡಿದಾಗ 112 ಮತ್ತು 118 ಇತ್ತು.

ಕೊನೆಯ ಭೇಟಿಯಲ್ಲಿ, “ಶಿವರಾತ್ರಿ ಉಪವಾಸ ಮಾಡಬಹುದೇನ್ರಿ?” ಎಂದು ಕೇಳಿದರು. ಬೆಳಗಿನ ಗ್ಲಿಮೆಪಿರೈಡ್ ಇನ್ನೂ ಇದೆಯಾದ್ದರಿಂದ, ಆ ದಿನ ಅದನ್ನು ಏನು ಮಾಡಬೇಕೆಂದು ವೈದ್ಯರನ್ನು ಒಂದು ವಾರ ಮೊದಲೇ ಕೇಳಿ ಬರೆಸಿಕೊಂಡು ಬರುವಂತೆ ಹೇಳಿ, ಜಾಗರಣೆಗೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲು ತಿಳಿಸಿದೆ.