ಹಣ ಕಳಿಸುವ ಸೇವೆಗೆ ಜಾಹೀರಾತು ಬರೆಯುವವರಿಗೆ

ಗಲ್ಫ್‌ನಲ್ಲಿ ದುಡಿಯುವ ನಮ್ಮವರಿಗಾಗಿ ಜಾಹೀರಾತು ಬರೆಯುವಾಗ ದಯವಿಟ್ಟು "ಶುಲ್ಕ ಸೊನ್ನೆ" ಎಂಬುದನ್ನು ತಲೆಬರಹ ಮಾಡಬೇಡಿ. ಕಂಪನಿಯ ಲಾಭ ಶುಲ್ಕದಲ್ಲಷ್ಟೇ ಅಲ್ಲ, ವಿನಿಮಯ ದರದಲ್ಲೂ ಇರುತ್ತದೆ. ಮಾರುಕಟ್ಟೆ ದರಕ್ಕಿಂತ ಕೆಲವು ಪೈಸೆ ಕಡಿಮೆ ಕೊಟ್ಟರೆ ಸಾಕು, ಬಿಟ್ಟ ಶುಲ್ಕ ವಾಪಸ್ ಬಂದಿರುತ್ತದೆ.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ದುಬೈನಿಂದ 1000 ದಿರ್ಹಂ ಕಳಿಸಬೇಕು. ಒಬ್ಬರು ಶುಲ್ಕವಿಲ್ಲದೆ ದಿರ್ಹಂಗೆ 22.60 ರೂಪಾಯಿ ಕೊಡುತ್ತಾರೆ: ಮನೆಗೆ 22,600 ರೂಪಾಯಿ. ಇನ್ನೊಬ್ಬರು 10 ದಿರ್ಹಂ ಶುಲ್ಕ ಹಿಡಿದು, ಉಳಿದ 990ಕ್ಕೆ 22.95ರ ದರ ಕೊಡುತ್ತಾರೆ: 22,720 ರೂಪಾಯಿ. ಶುಲ್ಕ ಹಿಡಿದವರ ಕಡೆಯೇ 120 ರೂಪಾಯಿ ಹೆಚ್ಚು! ಕಳಿಸುವ ಮೊತ್ತ ದೊಡ್ಡದಾದಷ್ಟೂ ಈ ಅಂತರವೂ ಬೆಳೆಯುತ್ತದೆ.

ಹಾಗಾಗಿ ಸಾಲು ಹೀಗಿರಲಿ: "1000 ದಿರ್ಹಂ ಕಳಿಸಿ, ಊರಿನ ಖಾತೆಗೆ 22,720 ರೂಪಾಯಿ. ನಮ್ಮ ಶುಲ್ಕ ಕಳೆದೇ ಹೇಳಿದ್ದೇವೆ." ಪಕ್ಕದಲ್ಲೇ ಆ ದರದ ದಿನಾಂಕ, ಹೊತ್ತು ಹಾಕಿ, ದರ ದಿನವಿಡೀ ಏರಿಳಿಯುತ್ತದೆ. ಮೊದಲ ಸಲಕ್ಕೆ ಮಾತ್ರ ಸಿಗುವ ದರವಾದರೆ ಅದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಹೇಳಿ. ನಕ್ಷತ್ರ ಚಿಹ್ನೆಯ ಕೆಳಗೆ ಬಚ್ಚಿಟ್ಟರೆ ಎರಡನೇ ತಿಂಗಳು ಕಡಿಮೆ ಹಣ ಬಂದಾಗ ಮನೆಯವರೇ ಫೋನ್ ಮಾಡಿ ಕೇಳುತ್ತಾರೆ.

"ನಿಮಿಷಗಳಲ್ಲಿ ತಲುಪುತ್ತದೆ" ಎಂದು ಬರೆಯುವುದಾದರೆ "ಗುರುತಿನ ಪರಿಶೀಲನೆ ಮುಗಿದ ಮೇಲೆ" ಎಂದೂ ಸೇರಿಸಿ. ಹೊಸಬರ ಹಣ ಹೆಚ್ಚಾಗಿ ತಡವಾಗುವುದು ಅಲ್ಲಿಯೇ. ಆಸ್ಪತ್ರೆ ಖರ್ಚಿಗೆಂದು ಕಳಿಸುತ್ತಿರುವವರಿಗೆ ಅದು ಮೊದಲೇ ಗೊತ್ತಿರಬೇಕು.