ರೆಕಾರ್ಡಿಂಗ್‌ನಿಂದ ಪೋಸ್ಟರ್: ಹೊತ್ತು ನೋಡಿ ಬರೆದುಕೊಳ್ಳಿ

ಗರ್ಭಿಣಿಯರ ಆಹಾರದ ಬಗ್ಗೆ ಆಶಾ ಕಾರ್ಯಕರ್ತೆ ಹೇಳಿದ್ದನ್ನು ಊರಿನ ಪೋಸ್ಟರಿಗೆ ಇಳಿಸುವಾಗ ಕಬ್ಬಿಣ, ಕ್ಯಾಲ್ಸಿಯಂ ಎಂದು ವಿಂಗಡಿಸಬೇಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಸಾಲು ಹಾಕಿ, ಕೇಳಿದ್ದನ್ನೆಲ್ಲ ಅದರಲ್ಲೇ ತುಂಬಿ. ಮಾತಿನಲ್ಲಿ ಕಬ್ಬಿಣದ ಮಾತ್ರೆ ಮೊದಲಿಗೂ ಚಹಾ ಕೊನೆಗೂ ಬಂದಿರುತ್ತದೆ. ಹೊತ್ತಿನ ಸಾಲಿನಲ್ಲಿ ಎರಡೂ ಎದುರುಬದುರಾಗುತ್ತವೆ. ಚಹಾ ಮತ್ತು ಕ್ಯಾಲ್ಸಿಯಂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ, ನಿಂಬೆ ನೆರವಾಗುತ್ತದೆ. ಹಾಗಾಗಿ ಪೋಸ್ಟರಿಗೆ ಇಷ್ಟು ಸಾಕು: “ನಾಲ್ಕನೇ ತಿಂಗಳಿಂದ ಕ್ಯಾಲ್ಸಿಯಂ ಮಾತ್ರೆ ಬೆಳಿಗ್ಗೆ, ಮಧ್ಯಾಹ್ನ ಊಟದ ಜೊತೆ. ಕಬ್ಬಿಣದ ಕೆಂಪು ಮಾತ್ರೆ ರಾತ್ರಿ ಊಟವಾಗಿ 2 ಗಂಟೆ ಬಿಟ್ಟು, ನಿಂಬೆ ನೀರಿನ ಜೊತೆ, ಚಹಾ ಬೇಡ. ಮಲ ಕಪ್ಪಾದರೆ ಹೆದರಬೇಡಿ.” ಕೊನೆಯ ಮಾತನ್ನು ಜಾಗ ಸಾಲದೆಂದು ಕೈಬಿಡಬೇಡಿ, ಅದಕ್ಕೆ ಹೆದರಿಯೇ ಎಷ್ಟೋ ಜನ ಮಾತ್ರೆ ನಿಲ್ಲಿಸುತ್ತಾರೆ. ನಮ್ಮ ಪುಣೆ ಕಡೆಯ ರೆಕಾರ್ಡಿಂಗ್ ಮರಾಠಿಯಲ್ಲಿರುತ್ತದಲ್ಲ, ನಾಚಣಿಯನ್ನು ರಾಗಿ ಎಂದೂ ಶೇವಗಾವನ್ನು ನುಗ್ಗೆ ಎಂದೂ ಬರೆಯಿರಿ. ಈ ಉಪಾಯ ಕೈಕೊಡುವುದು ಪ್ರಶ್ನೋತ್ತರದ ಭಾಗದಲ್ಲಿ. “ನೀವು ಕೆಂಪು ಮಾತ್ರೆ ದಿನಕ್ಕೆ ಎರಡು ತಗೊಳ್ಳಿ” ಎಂದದ್ದು ರಕ್ತ ಕಡಿಮೆಯಿದ್ದ ಒಬ್ಬರಿಗೆ. ಅದು ಗೋಡೆಗೇರಿದರೆ ಎಲ್ಲರೂ ಎರಡೆರಡು ನುಂಗುತ್ತಾರೆ.