ಆಡು ಈಯುವ ತಿಂಗಳು ನೋಡಿ ಕಂತು ಕಟ್ಟಿದೆ

ಹುನಗುಂದ ತಾಲ್ಲೂಕಿನ ಒಂದು ಸ್ತ್ರೀಶಕ್ತಿ ಸಂಘದವರು ಹೋದ ತಿಂಗಳು ನನ್ನನ್ನು ಮಾತಾಡಲು ಕರೆದಿದ್ದರು. ಅವರಲ್ಲಿ ಹತ್ತು ಮಂದಿಗೆ ಆಡು ಸಾಕುವ ಆಸೆ ಇತ್ತು. ಯಾವ ತಳಿ, ಎಷ್ಟು ಮೇವು, ಯಾವ ಸೂಜಿ ಅಂತ ಕೇಳುತ್ತಾರೆ ಅಂದುಕೊಂಡು ಹೋಗಿದ್ದೆ. ಆದರೆ ಹಿಂದೆ ಕುಳಿತಿದ್ದ ಒಬ್ಬ ಹೆಣ್ಣುಮಗಳು ಮೊದಲೇ ಕೇಳಿದ್ದು ಇದು: "ಅಕ್ಕಾರ, ಆಡು ಈದು, ಮರಿ ದೊಡ್ಡದಾಗಿ, ಮಾರೋತನಕ ಕಂತು ಎಲ್ಲಿಂದ ಕಟ್ಟೂದ್ರಿ?" ಉಳಿದದ್ದೆಲ್ಲ ಬಿಟ್ಟು ಅವತ್ತು ನಾನು ಹೆಚ್ಚಾಗಿ ಅದನ್ನೇ ಹೇಳಿದೆ. ಇಲ್ಲಿ ಬರೆಯುವುದೂ ಅದನ್ನೇ.

ನಾನು ಆಡಿಗೆ ಅಂತ ನಮ್ಮ ಸಂಘದಿಂದ ತೆಗೆದ ಸಾಲ 60,000 ರೂಪಾಯಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಉಳಿದ ಅಸಲಿನ ಮೇಲೆ ಮಾತ್ರ. ಅದರಲ್ಲಿ 45,000ಕ್ಕೆ ಐದು ಉಸ್ಮಾನಾಬಾದಿ ಆಡು ಬಂದವು, ಒಂದಕ್ಕೆ 9,000ದಂತೆ. ದಡ್ಡಿಗೆ 8,000 ಹೋಯಿತು: ಹಳೆ ತಗಡು, ಬಿದಿರು, ಸುತ್ತ ಜಾಲರಿ. ಒಂದು ಆಡಿಗೆ ಹತ್ತು ಚದರ ಅಡಿ ಜಾಗ ಸಾಕು, ನೆಲ ಒಣಗಿರಬೇಕು ಅಷ್ಟೆ. ಉಳಿದ 7,000 ವಿಮೆ, ಔಷಧಿ ಮತ್ತು ತೊಗರಿ ಹೊಟ್ಟಿಗೆ. ಹೋತ ತರಲಿಲ್ಲ. ಐದು ಆಡಿಗೆ ಸ್ವಂತ ಹೋತ ಕಟ್ಟಿಕೊಂಡರೆ ಅದರ ಮೇವೇ ಭಾರ. ಪಕ್ಕದ ಓಣಿಯವರ ಹೋತ ಇತ್ತು. ಇದೆಲ್ಲ ನಾನು ತಗೊಂಡಾಗಿನ ಬೆಲೆ. ನೀವು ಲೆಕ್ಕ ಹಾಕುವಾಗ ನಿಮ್ಮ ಸಂತೆಯ ಬೆಲೆ ಇಟ್ಟುಕೊಳ್ಳಿ.

ಸಂಘದಲ್ಲಿ ರೂಢಿಯ ಕಂತು ಅಂದರೆ 24 ತಿಂಗಳು. ತಿಂಗಳಿಗೆ ಅಸಲು 2,500, ಮೊದಲ ತಿಂಗಳ ಬಡ್ಡಿ 600, ಒಟ್ಟು 3,100. ಎಮ್ಮೆ ತಗೊಂಡವರಿಗೆ ಇದು ಸರಿ, ಹಾಲಿನ ದುಡ್ಡು ವಾರವಾರ ಬರುತ್ತದೆ. ಕಿರಾಣಿ ಅಂಗಡಿಯವರಿಗೂ ಸರಿ. ಆಡಿನ ದುಡ್ಡು ಹಾಗೆ ಬರುವುದಿಲ್ಲ. ಆಡು ಐದು ತಿಂಗಳು ಗಬ್ಬ ಇರುತ್ತದೆ. ಮರಿ ಮಾರುವಷ್ಟಾಗಲು ಇನ್ನೂ ಆರು ತಿಂಗಳು ಬೇಕು. ಗಬ್ಬ ಇಲ್ಲದ ಆಡು ತಂದರೆ ಮೊದಲ ರೂಪಾಯಿ ನೋಡಲು ಹತ್ತಿರ ಹತ್ತಿರ ಒಂದು ವರ್ಷ!

ಅದಕ್ಕೇ ನಾನು ಎರಡು ಕೆಲಸ ಮಾಡಿದೆ. ಒಂದು, ಮೂರು ತಿಂಗಳ ಗಬ್ಬದ ಆಡುಗಳನ್ನೇ ತಂದೆ. ಎರಡು, ಸಾಲ ತಗೊಳ್ಳುವ ಮೊದಲೇ ಸಂಘದ ಸಭೆಯಲ್ಲಿ ಕೂತು ಕಂತನ್ನು ಆಡಿನ ಲೆಕ್ಕಕ್ಕೆ ಹೊಂದಿಸಿ ಬರೆಸಿದೆ: ಪ್ರತಿ ತಿಂಗಳು ಬಡ್ಡಿ ಮಾತ್ರ, ಮರಿ ಮಾರಿದಾಗ ಅಸಲು ಗಂಟಾಗಿ, ಎಲ್ಲ ಸೇರಿ 30 ತಿಂಗಳೊಳಗೆ ಚುಕ್ತಾ. ಬಾಯಿಮಾತಿಗೆ ಬಿಡಲಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿದೆ. ಇದು ಬಹಳ ಮುಖ್ಯ. ಕಂತು ನಿಂತ ಮೇಲೆ ಗಡುವು ಕೇಳಿದರೆ ಅದು ಬಾಕಿ ಅನ್ನಿಸಿಕೊಳ್ಳುತ್ತದೆ. ಮೊದಲೇ ಬರೆಸಿದರೆ ಅದೇ ಕರಾರು.

ತಂದದ್ದು ದೀಪಾವಳಿ ಆದಮೇಲೆ, ನವೆಂಬರ್‌ನಲ್ಲಿ. ಜನವರಿಯಲ್ಲಿ ಐದೂ ಈದವು. ಎಂಟು ಮರಿ, ಅದರಲ್ಲಿ ಒಂದು ಚಳಿಗೆ ಹೋಯಿತು. ಏಳರಲ್ಲಿ ನಾಲ್ಕು ಗಂಡು, ಮೂರು ಹೆಣ್ಣು. ಗಂಡು ಮರಿಗಳನ್ನು ಜುಲೈನಲ್ಲಿ ಮಾರಿದೆ. ಶ್ರಾವಣ ಹಿಡಿದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಮಾಂಸ ಬಿಡುತ್ತಾರೆ, ಬೆಲೆ ಇಳಿಯುತ್ತದೆ. ಹಾಗಾಗಿ ಆಷಾಢದಲ್ಲೇ ಅಮೀನಗಡ ಸಂತೆಗೆ ಹೊಡೆದೆ. ಹದಿನೈದು ಕಿಲೋ ಆಸುಪಾಸಿನ ಮರಿ, ಒಂದಕ್ಕೆ 6,000. ಕೈಗೆ 24,000 ಬಂತು. 18,000 ಅಸಲಿಗೆ ಕಟ್ಟಿ, 6,000 ಮಳೆಗಾಲದ ಔಷಧಿಗೆ, ಹಿಂಡಿಗೆ ಮತ್ತು ವಿಮೆಗೆ ಇಟ್ಟುಕೊಂಡೆ.

ಅಲ್ಲಿಗೆ ಸಾಲ 42,000ಕ್ಕೆ ಇಳಿಯಿತು, ಬಡ್ಡಿ ತಿಂಗಳಿಗೆ 420. ಏಪ್ರಿಲ್‌ನಲ್ಲಿ ಬೆದೆಗೆ ಬಂದಿದ್ದ ಆಡುಗಳು ಸೆಪ್ಟೆಂಬರ್‌ನಲ್ಲಿ ಮತ್ತೆ ಈದವು. ಈ ಸಲ ಒಂಬತ್ತು ಮರಿ, ಎಲ್ಲವೂ ಉಳಿದವು. ಐದು ಗಂಡು ಮರಿ ಮಾರ್ಚ್‌ನಲ್ಲಿ 30,000ಕ್ಕೆ ಹೋದವು, 22,000 ಕಟ್ಟಿದೆ. ಉಳಿದದ್ದು 20,000, ಬಡ್ಡಿ 200. ಮೂರನೇ ಸೂಲು ಮೇ ತಿಂಗಳಲ್ಲಿ. ಆ ಮರಿಗಳನ್ನು ನವೆಂಬರ್‌ನಲ್ಲಿ ಮಾರಿ ಸಾಲ ಮುಗಿಸಿದೆ. ತಿಂಗಳು ಎಣಿಸಿದರೆ ಅದು ಇಪ್ಪತ್ತೈದನೆಯದು.

ಒಟ್ಟು ಬಡ್ಡಿ 10,360. ರೂಢಿಯ 24 ಕಂತಿನಲ್ಲಿ ಕಟ್ಟಿದ್ದರೆ 7,500 ಆಗುತ್ತಿತ್ತು. ಅಂದರೆ ನನಗೆ 2,860 ರೂಪಾಯಿ ಜಾಸ್ತಿ ಬಿತ್ತು. ಸಭೆಯಲ್ಲಿ ಒಬ್ಬರು, "ಅಷ್ಟು ಸುಮ್ನೆ ಯಾಕ ಕೊಡಬೇಕ್ರಿ?" ಅಂದರು. ಸರಿಯಾದ ಪ್ರಶ್ನೆ. ಹಲಗೆಯ ಮೇಲೆ ಬರೆದು ತೋರಿಸಿದೆ. ರೂಢಿಯ ಕಂತಾದರೆ ಮೊದಲ ಎಂಟು ತಿಂಗಳಲ್ಲೇ 24,100 ಕಟ್ಟಬೇಕು. ಆ ಎಂಟು ತಿಂಗಳಲ್ಲಿ ಆಡಿನಿಂದ ಒಂದು ರೂಪಾಯಿಯೂ ಬಂದಿರುವುದಿಲ್ಲ. ಕೂಲಿಯಿಂದ ಕಟ್ಟಲಾಗದವರು ಏನು ಮಾಡುತ್ತಾರೆ? ಹಾಲೂಡುವ ತಾಯಿ ಆಡನ್ನೇ ಸಂತೆಗೆ ಹೊಡೆಯುತ್ತಾರೆ. ಒಂದು ಆಡು ಹೋದರೆ ಅದರ ಮುಂದಿನ ಎರಡು ಸೂಲಿನ ಮೂರು ನಾಲ್ಕು ಮರಿ ಹೋದಂತೆ. ಒಂದೊಂದು ಗಂಡು ಮರಿ 6,000. 2,860 ಯಾವ ಲೆಕ್ಕ? ಆಡಿನ ಸಾಲ ಮುಳುಗುವುದನ್ನು ನಾನು ಜಾಸ್ತಿ ಕಂಡದ್ದು ಹೀಗೇ. ರೋಗಕ್ಕಿಂತ ಹೆಚ್ಚಾಗಿ, ಕಂತಿಗಾಗಿ ತಾಯಿ ಆಡು ಮಾರಿ.

ತಿಂಗಳ 600 ಬಡ್ಡಿ ಎಲ್ಲಿಂದ ಬಂತು ಅಂತಲೂ ಕೇಳಿದರು. ನಮ್ಮ ಮನೆಯಲ್ಲಿ ಒಂದು ಎಮ್ಮೆ ಇತ್ತು, ಹಾಲಿನ ದುಡ್ಡಿನಿಂದ ಕಟ್ಟಿದೆ. ಬೇರೆ ಯಾವ ಗಳಿಕೆಯೂ ಇಲ್ಲದ ಮನೆ ಆಡಿನ ಸಾಲಕ್ಕೆ ಇಳಿಯಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕೂಲಿಯೋ, ಹಾಲೋ, ರೊಟ್ಟಿ ಮಾರಾಟವೋ, ಬಡ್ಡಿಯಷ್ಟಾದರೂ ಬೇರೆ ಕಡೆಯಿಂದ ಬರಬೇಕು. ಇಲ್ಲದಿದ್ದರೆ ಎರಡು ಆಡಿನಿಂದ ಶುರು ಮಾಡಲಿ.

ಈ ಲೆಕ್ಕ ನಿಂತಿರುವುದು ಎರಡರ ಮೇಲೆ: ತರುವ ಆಡು ಮತ್ತು ಮೊದಲ ವಾರದ ಮರಿ.

ಆಡು ತರುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇನೆ. ಕೆಳಗೆ ಮುಂದೆ ನಾಲ್ಕು ದೊಡ್ಡ ಹಲ್ಲು ಬಂದಿದ್ದರೆ ಹೆಚ್ಚುಕಡಿಮೆ ಎರಡು ವರ್ಷ. ಒಂದು ಸೂಲು ಈದಿರುತ್ತದೆ, ಮುಂದೆ ನಾಲ್ಕೈದು ವರ್ಷ ಈಯುತ್ತದೆ. ಆಮೇಲೆ ಕೆಚ್ಚಲು ಹಿಚುಕಿ ನೋಡಬೇಕು. ಎರಡೂ ಮೊಲೆ ಮೆತ್ತಗಿರಬೇಕು, ಒಳಗೆ ಗಂಟು ಇರಬಾರದು. ಗಂಟಿದ್ದರೆ ಮರಿಗೆ ಹಾಲು ಸಾಲದು. ಕೊನೆಗೆ ಕಣ್ಣು. ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದರೆ ಒಳಗೆ ಕೆಂಪಗಿರಬೇಕು. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇದೆ ಅಂತ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊದಿದ್ದರೆ ಜಂತು ಇನ್ನೂ ಜಾಸ್ತಿ. ಅಂಥದ್ದನ್ನು ಎಷ್ಟು ಅಗ್ಗ ಕೊಟ್ಟರೂ ನಾನು ತರುವುದಿಲ್ಲ. ಈ ಕಣ್ಣಿನ ಪರೀಕ್ಷೆಯನ್ನು ಅವತ್ತು ಸಭೆಗೆ ತಂದಿದ್ದ ಒಂದು ಆಡಿನ ಮೇಲೆ ಎಲ್ಲರಿಂದಲೂ ಮಾಡಿಸಿದೆ. ಮನೆಯಲ್ಲೂ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಗಬ್ಬದ ಆಡಿಗೆ ಜಂತಿನ ಔಷಧಿ ಹಾಕುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಕೆಲವು ಔಷಧಿಗಳು ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಮರಿಗೆ ಆಗುವುದಿಲ್ಲ.

ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆ ಕಟ್ಟಬೇಕು. ಮನೆಯಲ್ಲಿ ಮೊದಲೇ ಆಡಿದ್ದವರಂತೂ ಇದನ್ನು ತಪ್ಪಿಸಲೇಬಾರದು. ಪಿಪಿಆರ್ ಅನ್ನುವ ಅಂಟುರೋಗ ಬಂದರೆ ಜ್ವರ, ಮೂಗು ಕಣ್ಣು ಸೋರುವುದು, ಬಾಯಿಹುಣ್ಣು, ಭೇದಿ ಒಂದರ ಹಿಂದೆ ಒಂದು ಬರುತ್ತವೆ, ಇಡೀ ದಡ್ಡಿ ಹಿಡಿಯುತ್ತದೆ. ಮೂರು ತಿಂಗಳು ದಾಟಿದ ಮರಿಗೆ ಇದರ ಲಸಿಕೆ ಹಾಕಿಸಬಹುದು. ಕರುಳುಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆ, ಪ್ರತಿ ವರ್ಷ. ವಿಮೆ ಮಾಡಿಸಿದರೆ ಕಿವಿಯ ಬಿಲ್ಲೆ ಕಳೆಯದಂತೆ ನೋಡಿಕೊಳ್ಳಿ. ಬಿಲ್ಲೆ ಇಲ್ಲದಿದ್ದರೆ ವಿಮೆಯ ದುಡ್ಡು ಇಲ್ಲ. ಬಿದ್ದುಹೋದರೆ ಅವತ್ತೇ ತಿಳಿಸಿ ಬೇರೆ ಹಾಕಿಸಬೇಕು.

ಇನ್ನು ಮರಿ. ಹುಟ್ಟಿದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಬೇಕು. ಅವಳಿ ಮರಿ ಇದ್ದರೆ ಸಣ್ಣದನ್ನು ದೊಡ್ಡದು ತಳ್ಳಿಬಿಡುತ್ತದೆ. ಸಣ್ಣದರ ಬಾಯಿಗೆ ನಾವೇ ಮೊಲೆ ಇಡಬೇಕು. ಗಿಣ್ಣು ಸಿಗದ ಮರಿಗೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ. ಚಳಿಯಲ್ಲಿ ಕೆಳಗೆ ಗೋಣಿಚೀಲ, ಗಾಳಿ ಬರುವ ಕಡೆಗೆ ಒಂದು ಪರದೆ. ಆಡು ಈಯುವ ಕೊನೆಯ ತಿಂಗಳಲ್ಲಿ ಅದಕ್ಕೆ ದಿನಕ್ಕೆ ಕಾಲು ಕಿಲೋ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಕೂಡಿಸಿ ಕೊಟ್ಟರೆ ಮರಿ ದಪ್ಪ ಹುಟ್ಟುತ್ತದೆ, ಹಾಲೂ ಬರುತ್ತದೆ.

ಮಾರುವಾಗ ಮನೆಯಲ್ಲೇ ತೂಗಿ ಹೋಗುವುದು ನನ್ನ ಪದ್ಧತಿ. ಕೊಕ್ಕೆ ತಕ್ಕಡಿಯನ್ನು ಸಂಘದವರೆಲ್ಲ ಕೂಡಿ ಒಂದು ಕೊಂಡರೆ ಸಾಕು. ಸಂತೆಯಲ್ಲಿ ದಲ್ಲಾಳಿ ಮರಿಯ ಬೆನ್ನು ಒತ್ತಿ, ಎತ್ತಿ ನೋಡಿ ಹನ್ನೆರಡು ಕಿಲೋ ಅಂದರೆ, ನಮ್ಮ ಕೈಯಲ್ಲಿ ಹದಿನೈದರ ಲೆಕ್ಕ ಇರುತ್ತದೆ. ಬಕ್ರೀದ್‌ಗೆ ಒಳ್ಳೆ ಬೆಲೆ ಬರುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ವರ್ಷ ತುಂಬಿ ಎರಡು ಹಲ್ಲು ಬಂದ ಹೋತವೇ ಬೇಕು. ಹಬ್ಬ ವರ್ಷವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ, 2025ರಲ್ಲಿ ಜೂನ್ 7ಕ್ಕೆ ಇತ್ತು. ಒಂದೆರಡು ಮರಿ ಅದಕ್ಕಾಗಿ ಬೆಳೆಸಿ. ಕಂತನ್ನು ಅದರ ಮೇಲೆ ನಿಲ್ಲಿಸಬೇಡಿ.

ಕೊನೆಗೆ ಸಂಘದ ಲೆಕ್ಕ. ಬ್ಯಾಂಕಿನ ಸಾಲ ಸಂಘದ ಹೆಸರಲ್ಲಿ ಇರುತ್ತದೆ, ಬ್ಯಾಂಕಿಗೆ ತಿಂಗಳು ತಿಂಗಳು ಹೋಗಲೇಬೇಕು. ಹತ್ತು ಮಂದಿಯೂ ಒಟ್ಟಿಗೆ ಆಡು ತಗೊಂಡರೆ ಎಂಟು ತಿಂಗಳು ಪೆಟ್ಟಿಗೆಗೆ ಬಡ್ಡಿ ಬಿಟ್ಟು ಏನೂ ಬರುವುದಿಲ್ಲ. ಆಗ ಸಂಘವೇ ಬಾಕಿದಾರ ಆಗುತ್ತದೆ. ನನಗೆ ಗಡುವು ಸಿಕ್ಕದ್ದು ಉಳಿದವರು ತಿಂಗಳ ಕಂತು ಕಟ್ಟುತ್ತಿದ್ದರು ಅನ್ನುವುದಕ್ಕೆ. ಎಮ್ಮೆಯವರು, ಹೊಲಿಗೆಯವರು, ಅಂಗಡಿಯವರು ಕಟ್ಟಿದ ದುಡ್ಡಿನಲ್ಲಿ ಬ್ಯಾಂಕಿನ ಕಂತು ಹೋಯಿತು. ನನ್ನ ಗಂಟು ಬಂದಾಗ ಪೆಟ್ಟಿಗೆ ಮತ್ತೆ ತುಂಬಿತು.

ಇದನ್ನು ಕೇಳಿ ಅವರು ಅಲ್ಲೇ ಕೂತು ತೀರ್ಮಾನ ಮಾಡಿದರು. ಈ ದೀಪಾವಳಿಗೆ ಮೂವರು ಮಾತ್ರ. ಮನೆಯಲ್ಲಿ ಹಾಲಿನ ಅಥವಾ ಕೂಲಿಯ ದುಡ್ಡು ಇದ್ದವರಿಗೆ ಮೊದಲ ಪಾಳಿ. ಅವರ ಮೊದಲ ಮರಿಗಳು ಮಾರಿ ಅಸಲು ಬಂದ ಮೇಲೆ ಇನ್ನೂ ಮೂವರು. ಹಿಂದೆ ಕುಳಿತು ಪ್ರಶ್ನೆ ಕೇಳಿದ್ದ ಹೆಣ್ಣುಮಗಳು ಎರಡನೇ ಪಾಳಿಯಲ್ಲಿದ್ದಾಳೆ. ಅಷ್ಟರೊಳಗೆ ಹೊಲದ ಬದುವಿಗೆ ನುಗ್ಗೆ, ಚೊಗಚಿ ಹಚ್ಚಿಕೊಳ್ಳಲು ಹೇಳಿ ಬಂದಿದ್ದೇನೆ. ಆಡು ಬರುವ ಹೊತ್ತಿಗೆ ತಪ್ಪಲು ಕೈಗೆ ಬಂದಿರುತ್ತದೆ.